ಬೋರ್ಡು ಹೊಳೆದರೆ ಅಕ್ಷರ ಎಲ್ಲಿ ಹೋಗುತ್ತದೆ?

(ಪಿಯು ಉಪನ್ಯಾಸಕರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಂದು ಕೂಡುವ ಚಿಹ್ನೆಯ ಕಥೆಯಿಂದ ಶುರು ಮಾಡ್ತೀನಿ.

ನನ್ನ ಗೆಳೆಯರೊಬ್ಬರು ಭೌತಶಾಸ್ತ್ರದ ಮೇಷ್ಟ್ರು. ಬೆಳಗಿನ ಮೊದಲ ಪೀರಿಯಡ್ಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಬಸ್ಸು ತಪ್ಪಿದ ಹುಡುಗರಿಗೆ ಕಳಿಸುತ್ತಾರೆ. ಒಂದು ದಿನ ಒಬ್ಬ ಹುಡುಗಿ ಕೇಳಿದಳು: "ಸರ್, ಆ ಸೂತ್ರದಲ್ಲಿ ಪ್ಲಸ್ಸೋ ಮೈನಸ್ಸೋ? ಬೋರ್ಡು ಹೊಳೀತಿದೆ, ಕಾಣಲ್ಲ." ಮೇಷ್ಟ್ರು ವಿಡಿಯೊ ತೆರೆದು ನೋಡಿದರು. v² = u² ಅನ್ನುವವರೆಗೆ ಚೆನ್ನಾಗಿ ಕಾಣುತ್ತದೆ. ಆಮೇಲೆ ಒಂದು ಬಿಳಿ ಮಚ್ಚೆ. ಮಚ್ಚೆಯ ಆಚೆ ತುದಿಯಲ್ಲಿ 2gh ಮಸುಕಾಗಿದೆ. ಧ್ವನಿಯಲ್ಲಾದರೂ ಇದೆಯೇನೋ ಅಂತ ಕಿವಿಗೊಟ್ಟರೆ, ಅವರು ಹೇಳಿದ್ದು ಇಷ್ಟೇ: "ಇಲ್ಲಿ ಚಿಹ್ನೆ ಸರಿಯಾಗಿ ನೋಡ್ಕೊಳ್ಳಿ, ಎಲ್ಲರೂ ಇಲ್ಲೇ ತಪ್ಪು ಮಾಡೋದು."

ನನಗೆ ಫೋನ್ ಮಾಡಿದಾಗ ಅವರು ಗಟ್ಟಿಯಾಗಿ ಹೇಳಿದರು, "ಮೈನಸ್ಸೇ ಕಣ್ರೀ, ಮೇಲಕ್ಕೆ ಎಸೆದ ಚೆಂಡಿನ ಲೆಕ್ಕ. ಸುಮ್ನೆ ಪೇಂಟ್‌ನಲ್ಲಿ ಒಂದು ಗೆರೆ ಎಳೆದುಬಿಡಿ." ನಾನು ಎಳೆಯಲಿಲ್ಲ. ಯಾಕೆ ಅನ್ನೋದು ಆಮೇಲೆ ಗೊತ್ತಾಗುತ್ತದೆ.

ಮೊದಲು, ಆ ಬಿಳಿ ಮಚ್ಚೆ ಏನು ಅಂತ ನೋಡೋಣ. ಅದು ಕಿಟಕಿಯ ಪ್ರತಿಬಿಂಬ. ವೈಟ್‌ಬೋರ್ಡಿನ ಮೇಲ್ಮೈ ನುಣುಪು. ಅದು ಒಂದೇ ಹೊತ್ತಿಗೆ ಎರಡು ಕೆಲಸ ಮಾಡುತ್ತದೆ. ಬಿದ್ದ ಬೆಳಕಿನ ಬಹುಪಾಲನ್ನು ಸುಣ್ಣದ ಗೋಡೆಯ ಹಾಗೆ ಎಲ್ಲ ಕಡೆಗೂ ಚೆಲ್ಲುತ್ತದೆ. ಅದರಿಂದ ಬೋರ್ಡು ಬಿಳಿಯಾಗಿ ಕಾಣುತ್ತದೆ. ಇನ್ನೊಂದು ಸಣ್ಣ ಪಾಲನ್ನು, ಸುಮಾರು ನೂರಕ್ಕೆ ನಾಲ್ಕರಷ್ಟು, ಕನ್ನಡಿಯ ಹಾಗೆ ಒಂದೇ ದಿಕ್ಕಿಗೆ ಹಾಯಿಸುತ್ತದೆ. ನೂರಕ್ಕೆ ನಾಲ್ಕು ಅಂದರೆ ಏನು ಮಹಾ ಅನ್ನಿಸಬಹುದು. ಆದರೆ ಕಿಟಕಿಯಾಚೆಯ ಆಕಾಶ, ಕೋಣೆಯೊಳಗಿನ ಬೋರ್ಡಿಗಿಂತ ಹತ್ತಾರು ಪಟ್ಟು ಪ್ರಕಾಶವಾಗಿರುತ್ತದೆ. ಅದರ ನಾಲ್ಕು ಪಾಲೇ ಬೋರ್ಡಿನ ಬಿಳುಪಿಗೆ ಸಮ ಆಗಿಬಿಡುತ್ತದೆ. ಬೋರ್ಡಿನ ಬೆಳಕಿನ ಮೇಲೆ ಅಷ್ಟೇ ಬೆಳಕು ಮತ್ತೆ ಕೂಡಿಕೊಂಡ ಹಾಗೆ.

ಕೂಡಿಕೊಂಡ ಅನ್ನುವ ಮಾತನ್ನು ನೆನಪಿಟ್ಟುಕೊಳ್ಳಿ. ಹೊಳಪು ಅಕ್ಷರವನ್ನು ಅಳಿಸುವುದಿಲ್ಲ. ಅದರ ಮೇಲೆ ಬೆಳಕು ಸುರಿಯುತ್ತದೆ, ಅಷ್ಟೇ. ಕೂಡಿಸಿದ್ದನ್ನು ಕಳೆಯಬಹುದು ಅಲ್ವಾ? ಕಳೆಯಬಹುದು, ಒಂದು ಷರತ್ತಿನ ಮೇಲೆ. ಕ್ಯಾಮೆರಾ ಆ ಮೊತ್ತವನ್ನು ಸರಿಯಾಗಿ ಬರೆದುಕೊಂಡಿರಬೇಕು. ಮಾಮೂಲಿ ವಿಡಿಯೊದಿಂದ ತೆಗೆದ ಚಿತ್ರದಲ್ಲಿ ಒಂದು ಚುಕ್ಕಿಯ ಪ್ರಕಾಶ 0 ಇಂದ 255ರವರೆಗೆ ಮಾತ್ರ. ಮೊತ್ತ 255 ದಾಟಿದರೆ ಬೋರ್ಡೂ 255, ಅಕ್ಷರವೂ 255. ಅಳತೆ ಪಾತ್ರೆ ತುಂಬಿ ಹೊರಗೆ ಚೆಲ್ಲಿದ ಮೇಲೆ ಎಷ್ಟು ಸುರಿದಿರಿ ಅಂತ ಪಾತ್ರೆ ನೋಡಿ ಹೇಳಕ್ಕಾಗಲ್ಲ.

ಹಾಗಾಗಿ ಒಂದೇ ಮಚ್ಚೆಯೊಳಗೆ ಎರಡು ಬೇರೆ ಬೇರೆ ಜಾಗ ಇರುತ್ತವೆ. ಅಂಚಿನಲ್ಲಿ ಮುಸುಕು ಮಾತ್ರ; ಅಕ್ಷರ ತೆಳುವಾಗಿದೆ, ಆದರೆ ಜೀವಂತ ಇದೆ. ನಡುವೆ ಸುಟ್ಟುಹೋಗಿದೆ, ಅಲ್ಲಿ ಏನೂ ಇಲ್ಲ. ಕಣ್ಣಿಗೆ ಎರಡೂ ಬಿಳಿಯೇ. ಬೇರೆ ಮಾಡುವ ಪರೀಕ್ಷೆ ಸುಲಭ. ವಿಡಿಯೊದಿಂದ ಒಂದು ಫ್ರೇಮ್ ತೆಗೆದು, ಫೋನಿನ ಗ್ಯಾಲರಿಯಲ್ಲೇ ಎಡಿಟ್ ಒತ್ತಿ, ಬ್ರೈಟ್‌ನೆಸ್ ಪೂರ್ತಿ ಇಳಿಸಿ. ಮುಸುಕಿದ್ದ ಜಾಗದಲ್ಲಿ ಅಕ್ಷರದ ಗೆರೆಗಳು ಬೂದು ಬಣ್ಣದಲ್ಲಿ ಮೇಲೇಳುತ್ತವೆ. ಸುಟ್ಟ ಜಾಗ ಮಾತ್ರ ಬಟ್ಟೆಗೆ ಹಚ್ಚಿದ ಪ್ಯಾಚಿನ ಹಾಗೆ ಒಂದೇ ಸಮನೆ ಬೂದಾಗುತ್ತದೆ, ಒಳಗೆ ಒಂದು ಎಳೆಯೂ ಇರುವುದಿಲ್ಲ. ನಮ್ಮ ವಿಡಿಯೊದಲ್ಲಿ ಇಳಿಸಿ ನೋಡಿದಾಗ 2gh ಎದ್ದು ಬಂತು. ಅಲ್ಲಿ ಬೋರ್ಡು 238, ಅಕ್ಷರ 221. ಹದಿನೇಳರ ವ್ಯತ್ಯಾಸ. ಮಸುಕಾಗಿರದ ಕಡೆ ಅದೇ ಬೋರ್ಡು 200, ಅದೇ ಮಾರ್ಕರ್ 60. ಬೆಳಕು ತೀರಾ ಹೆಚ್ಚಿದ ಕಡೆ ಫೋನು ವ್ಯತ್ಯಾಸವನ್ನು ಒತ್ತಿ ಸಣ್ಣದಾಗಿ ಬರೆಯುತ್ತದೆ, ಅದಕ್ಕೇ 140 ಇದ್ದದ್ದು 17 ಆಗಿದೆ. ಆದರೆ ಚಿಹ್ನೆ ಇರಬೇಕಾದ ಜಾಗ ಮೂರೂ ಬಣ್ಣದಲ್ಲಿ 255. ಸತ್ತಿದೆ.

ಇಲ್ಲಿಗೆ ಬಂದವರು ಸಾಮಾನ್ಯವಾಗಿ ಕಾಂಟ್ರಾಸ್ಟ್ ಜಾಸ್ತಿ ಮಾಡ್ತಾರೆ, ಶಾರ್ಪ್ ಮಾಡ್ತಾರೆ, ಬೇಸರವಾಗಿ ಬಿಡ್ತಾರೆ. ಅವರು ವಿಡಿಯೊವನ್ನು ಫೋಟೊ ಥರ ನೋಡುತ್ತಿದ್ದಾರೆ. ಇವತ್ತು ನಾನು ಹೇಳಬೇಕಾದ್ದು ಇದೊಂದೇ: ಪಾಠದ ರೆಕಾರ್ಡಿಂಗ್ ಫೋಟೊ ಅಲ್ಲ. ಆ ಸೂತ್ರ ಬೋರ್ಡಿನ ಮೇಲೆ ಮೂರೂವರೆ ನಿಮಿಷ ಇತ್ತು. 14ನೇ ನಿಮಿಷ 10ನೇ ಸೆಕೆಂಡಿಗೆ ಬರೆದು ಮುಗಿಸಿದರು, 17:40ಕ್ಕೆ ಒರೆಸಿದರು. ಸೆಕೆಂಡಿಗೆ 30 ಫ್ರೇಮಿನ ಲೆಕ್ಕದಲ್ಲಿ ಆರು ಸಾವಿರಕ್ಕೂ ಮೇಲೆ ಚಿತ್ರ ಇವೆ. ಈ ಫ್ರೇಮಿನಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಇರಬಹುದು.

ಅದಕ್ಕೂ ಮುಂಚೆ ಒಂದು ಜಗಳ. ಗೆಳೆಯರು ನನಗೆ ಮೊದಲು ಕಳಿಸಿದ್ದು ವಾಟ್ಸಾಪಿನಲ್ಲಿ ಬಂದ ವಿಡಿಯೊ. ಅದರಲ್ಲಿ ಆ ಹದಿನೇಳರ ವ್ಯತ್ಯಾಸವೇ ಇರಲಿಲ್ಲ. ವಿಡಿಯೊ ಕುಗ್ಗಿಸುವಾಗ ಮೊದಲು ಬಲಿಯಾಗುವುದು ಇಂಥ ತೆಳು ಗೆರೆಗಳೇ; ಇಷ್ಟು ಸಣ್ಣ ವ್ಯತ್ಯಾಸ ಯಾರ ಕಣ್ಣಿಗೂ ಬೀಳಲ್ಲ ಅಂತ ಅದನ್ನು ಒರೆಸಿ ಸಮ ಮಾಡಿಬಿಡುತ್ತದೆ. ಫೋನಿನಲ್ಲಿರುವ ಮೂಲ ಫೈಲೇ ಬೇಕು. ಕೇಬಲ್ ಹಾಕಿ ತೆಗೆಯಿರಿ, ಇಲ್ಲವೇ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಅಂತ ಕಳಿಸಿ, ಆಗ ಕುಗ್ಗುವುದಿಲ್ಲ. ಮೂಲ ಅಳಿಸಿಹೋಗಿದ್ದರೆ ಮುಂದೆ ನಾನು ಹೇಳುವುದರಲ್ಲಿ ಅರ್ಧ ಕೆಲಸ ಮಾಡುವುದಿಲ್ಲ.

ಸರಿ, ಮುಸುಕಿದ ಜಾಗದಿಂದ ಶುರು ಮಾಡೋಣ. 2gh ಹೇಗೆ ಎತ್ತುವುದು?

ಪುಸ್ತಕದ ದಾರಿ ಒಂದಿದೆ. ಅಕ್ಷರದ ಗೆರೆ ತೆಳು, ಬೋರ್ಡು ಅಗಲ. ಗೆರೆಗಳನ್ನು ಸುತ್ತಲಿನ ಬಿಳುಪಿನಿಂದ ಮುಚ್ಚಿಬಿಟ್ಟು ಬರೀ ಬೋರ್ಡಿನ ಚಿತ್ರವನ್ನು ಊಹಿಸಿಕೊಂಡು, ಮೂಲ ಚಿತ್ರವನ್ನು ಅದರಿಂದ ಭಾಗಿಸುವುದು. ಫೋನಿನ ಸ್ಕ್ಯಾನರ್ ಆಪ್‌ಗಳು ಕಾಗದದ ಮೇಲಿನ ನೆರಳು ತೆಗೆಯುವುದು ಹೆಚ್ಚುಕಡಿಮೆ ಇಂಥದ್ದೇ ಉಪಾಯದಿಂದ. ನೆರಳಿಗೆ ಇದು ಸೊಗಸಾಗಿ ಕೆಲಸ ಮಾಡುತ್ತದೆ, ಯಾಕಂದರೆ ನೆರಳು ಬೋರ್ಡಿನ ಬೆಳಕನ್ನೂ ಅಕ್ಷರದ ಬೆಳಕನ್ನೂ ಒಂದೇ ಪ್ರಮಾಣದಲ್ಲಿ ತಗ್ಗಿಸುತ್ತದೆ. ಹೊಳಪು ಹಾಗಲ್ಲ, ಅದು ಕೂಡಿಕೊಂಡದ್ದು. 221ನ್ನು 238ರಿಂದ ಭಾಗಿಸಿದರೆ 0.93. ಬಿಳಿಗೂ ಅಕ್ಷರಕ್ಕೂ ನೂರಕ್ಕೆ ಏಳರ ಅಂತರ. ಬೋರ್ಡು ಸಮನಾಗಿ ಬಿಳಿಯಾಗುತ್ತದೆ, ಅಕ್ಷರ ಮಾತ್ರ ಇದ್ದಷ್ಟೇ ಮಸುಕು. ಹೊಳಪಿಗೆ ಭಾಗಾಕಾರಕ್ಕಿಂತ ಕಳೆಯುವುದೇ ಸರಿ.

ಏನನ್ನು ಕಳೆಯುವುದು? ಬೋರ್ಡನ್ನು ಊಹಿಸಿಕೊಳ್ಳುವ ಅಗತ್ಯವೇ ಇಲ್ಲ. ಸೂತ್ರ ಬರೆಯುವ ಮುಂಚಿನ ಬೋರ್ಡು ನಮ್ಮ ಹತ್ತಿರ ಇದೆಯಲ್ಲ! 13:20 ರಿಂದ 14:00ರವರೆಗೆ ಆ ಜಾಗ ಖಾಲಿ ಇತ್ತು, ಅದೇ ಹೊಳಪು ಅದರ ಮೇಲಿತ್ತು. ಬರೆಯುವ ಮುಂಚಿನ ಚಿತ್ರದಿಂದ ಬರೆದ ಮೇಲಿನ ಚಿತ್ರ ಕಳೆದರೆ ಹೊಳಪಿಗೆ ಹೊಳಪು ವಜಾ. ಉಳಿಯುವುದು ಮಾರ್ಕರ್ ಶಾಯಿ ಮಾತ್ರ.

ಒಂದೊಂದೇ ಫ್ರೇಮ್ ತೆಗೆದು ಕಳೆದರೆ ಕೆಲಸ ಕೆಡುತ್ತದೆ. ಫೋನಿನ ಚಿತ್ರದಲ್ಲಿ ಮರಳಿನಂಥ ಕಾಳು ಇರುತ್ತದೆ, ಮೂರು ನಾಲ್ಕು ಅಂಕೆಯಷ್ಟು ಏರಿಳಿತ. ಜೊತೆಗೆ ಮೇಷ್ಟ್ರು ಅಡ್ಡ ಬರುತ್ತಾರೆ. ಅದಕ್ಕೆ ಎರಡೂ ಕಡೆ ನಲವತ್ತು ಸೆಕೆಂಡು ತೆಗೆದುಕೊಂಡು, ಪ್ರತಿ ಚುಕ್ಕಿಗೂ ನಡುವಿನ ಬೆಲೆ, ಅಂದರೆ ಮೀಡಿಯನ್, ಹಿಡಿಯುತ್ತೇವೆ. ಅರ್ಧಕ್ಕಿಂತ ಜಾಸ್ತಿ ಹೊತ್ತು ಮೇಷ್ಟ್ರು ಒಂದು ಚುಕ್ಕಿಯ ಮುಂದೆ ನಿಂತಿರದಿದ್ದರೆ ಸಾಕು, ಮೀಡಿಯನ್ನಿನಲ್ಲಿ ಅವರು ಮಾಯ. ಫ್ರೇಮ್ ತೆಗೆಯುವುದು ffmpeg ಅನ್ನುವ ಉಚಿತ ತಂತ್ರಾಂಶದಿಂದ, ಹೀಗೆ:

```
ffmpeg -ss 13:20 -to 14:00 -i class.mp4 -vf fps=1 b_%03d.png
ffmpeg -ss 14:15 -to 14:55 -i class.mp4 -vf fps=1 a_%03d.png
```

ಸೆಕೆಂಡಿಗೆ ಒಂದೇ ಫ್ರೇಮ್ ಯಾಕೆ, ಮೂವತ್ತೂ ತಗೋಬಹುದಲ್ಲ ಅಂತ ಕೇಳಬಹುದು. ನಾನೂ ಮೊದಲು ಹಾಗೇ ಮಾಡಿದೆ, ಏನೂ ಲಾಭ ಆಗಲಿಲ್ಲ. ಅಲುಗಾಡದ ಜಾಗವನ್ನು ವಿಡಿಯೊ ಪ್ರತಿ ಫ್ರೇಮಿಗೂ ಹೊಸದಾಗಿ ಬರೆಯುವುದಿಲ್ಲ. ಹಿಂದಿನದನ್ನೇ ನಕಲು ಮಾಡಿ ಮುಂದೆ ತಳ್ಳುತ್ತದೆ. ಹಾಗಾಗಿ ಅಕ್ಕಪಕ್ಕದ ಮೂವತ್ತು ಫ್ರೇಮ್ ಅಂದರೆ ಬಹುಪಾಲು ಒಂದೇ ಫ್ರೇಮಿನ ಮೂವತ್ತು ಜೆರಾಕ್ಸ್. ಒಂದೇ ತಪ್ಪನ್ನು ಮೂವತ್ತು ಸಲ ಸೇರಿಸಿ ಸರಾಸರಿ ತೆಗೆದರೆ ಅದೇ ತಪ್ಪು ಬರುತ್ತದೆ. ಫೋನಿನ ರೆಕಾರ್ಡಿಂಗಿನಲ್ಲಿ ಸಾಮಾನ್ಯವಾಗಿ ಸುಮಾರು ಸೆಕೆಂಡಿಗೊಮ್ಮೆ ಪೂರ್ತಿ ಹೊಸ ಚಿತ್ರ ಬರೆಯುತ್ತಾರೆ. ಅಷ್ಟು ದೂರದೂರದ ಫ್ರೇಮ್ ಆರಿಸಿದರೆ ನಿಜವಾಗಿ ಬೇರೆ ಬೇರೆ ಸಾಕ್ಷಿ ಸಿಗುತ್ತದೆ.

ಇನ್ನು ಕಳೆಯುವುದು, ಪೈಥಾನ್ ಭಾಷೆಯಲ್ಲಿ:

```python
import cv2, glob, numpy as np

def med(p):
    s = [cv2.imread(f) for f in sorted(glob.glob(p))]
    return np.median(np.stack(s), axis=0)

ink = np.clip(med("b_*.png") - med("a_*.png") - 3, 0, None)
out = np.clip(255 - 9 * ink, 0, 255).astype(np.uint8)
cv2.imwrite("ink.png", out)
```

ಇಲ್ಲಿ 3 ಅನ್ನುವುದು ಉಳಿದ ಕಾಳನ್ನು ಸೋಸಲು. 9 ಅನ್ನುವುದು ಮಸುಕನ್ನು ಕಪ್ಪಾಗಿಸಲು. ನಮ್ಮ 17ರಲ್ಲಿ 3 ಹೋದರೆ 14, ಒಂಬತ್ತರಿಂದ ಗುಣಿಸಿದರೆ 126; 255ರಿಂದ ಕಳೆದರೆ 129. ಬಿಳಿ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಷ್ಟು ಗಾಢ. ಸರಾಗವಾಗಿ ಓದಬಹುದು. ಹೊಳಪಿಲ್ಲದ ಕಡೆಯ ಹೊಸ ಅಕ್ಷರಗಳು ಪೂರ್ತಿ ಕಪ್ಪಾಗುತ್ತವೆ, ಅದರಿಂದ ತೊಂದರೆ ಇಲ್ಲ. 13:20ಕ್ಕೂ ಮುಂಚೆಯೇ ಬರೆದಿದ್ದದ್ದು ಎರಡೂ ಚಿತ್ರದಲ್ಲಿ ಇರುವುದರಿಂದ ಇಲ್ಲಿ ಕಾಣುವುದಿಲ್ಲ. ಅದನ್ನು ಅದರದೇ ಮುಂಚೆ-ಆಮೇಲೆ ಜೋಡಿಯಿಂದ ಎತ್ತಬೇಕು.

ಈ ದಾರಿಗೆ ಇನ್ನೊಂದು ಲಾಭ ಇದೆ, ಅದನ್ನು ನಾನು ಎಣಿಸಿರಲಿಲ್ಲ. ವೈಟ್‌ಬೋರ್ಡು ಒರೆಸಿದ ಮೇಲೂ ಹಳೆ ಬರಹದ ಕಲೆ ಉಳಿದಿರುತ್ತದೆ. ಕಾಂಟ್ರಾಸ್ಟ್ ಏರಿಸಿದ ಕೂಡಲೇ ಹಿಂದಿನ ದಿನದ ರಸಾಯನಶಾಸ್ತ್ರವೆಲ್ಲ ಸಮಾಧಿಯಿಂದ ಎದ್ದು ಬರುತ್ತದೆ. ನಾನು ಭಾಗಾಕಾರದ ದಾರಿಯಲ್ಲಿ ಹೋದಾಗ 2gh ಪಕ್ಕದಲ್ಲಿ ಯಾವುದೋ ಬಾಣದ ಗುರುತು ಕಂಡು, ಇದೂ ಲೆಕ್ಕದ ಭಾಗವೇನೋ ಅಂದುಕೊಂಡಿದ್ದೆ. ಮುಂಚೆ-ಆಮೇಲೆ ಕಳೆದಾಗ ಅದು ಹೋಯಿತು. ಬರೆಯುವ ಮುಂಚೆಯೂ ಇದ್ದದ್ದು ಈ ಪಾಠದ್ದಲ್ಲ, ಅಷ್ಟೇ ಲೆಕ್ಕ.

ಕೆಡುವುದು ಎಲ್ಲಿ? ಮೋಡ ಬಂದರೆ. ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ, ಅಷ್ಟರಿಂದ ಏನೂ ಆಗಲ್ಲ. ಆದರೆ ಎರಡು ತುಂಡಿನ ನಡುವೆ ಮೋಡ ಬಂದು ಹೊಳಪು ಏರಿಳಿದರೆ ಅಕ್ಷರದ ಸುತ್ತ ದೊಡ್ಡ ಬೂದು ಮೋಡವೇ ಉಳಿಯುತ್ತದೆ. ಫೋನು ತಾನಾಗಿ ಬೆಳಕು ಹೊಂದಿಸಿಕೊಂಡರೂ ಹೀಗೇ ಆಗುತ್ತದೆ. ಕಪ್ಪು ಶರ್ಟಿನವರು ಕ್ಯಾಮೆರಾ ಹತ್ತಿರ ಹಾದುಹೋದರೆ ಸಾಕು, ಕತ್ತಲಾಯಿತು ಅಂದುಕೊಂಡು ಇಡೀ ಚಿತ್ರವನ್ನು ಬೆಳಗಿಸಿಬಿಡುತ್ತದೆ, ಮಚ್ಚೆ ದೊಡ್ಡದಾಗುತ್ತದೆ. ಗೊತ್ತು ಮಾಡಿಕೊಳ್ಳಲು ಬೋರ್ಡಿನ ಹೊಳಪಿಲ್ಲದ ಒಂದು ಖಾಲಿ ಮೂಲೆಯನ್ನು ಎರಡೂ ಚಿತ್ರದಲ್ಲಿ ಹೋಲಿಸಿ. ಅಲ್ಲಿ 200ಕ್ಕೆ 200 ಇದ್ದರೆ ಸರಿ. 200ಕ್ಕೆ 188 ಆಗಿದ್ದರೆ ಬೇರೆ ತುಂಡು ಆರಿಸಿ. ಫೋನೇ ಅಲುಗಾಡಿದ್ದರೆ ಮೊದಲು ಬೋರ್ಡಿನ ನಾಲ್ಕು ಮೂಲೆ ಹಿಡಿದು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಬೇಕು. ಅದು ಬೇರೆಯೇ ಒಂದು ದಿನದ ಮಾತು, ಇವತ್ತು ಬೇಡ.

ಈಗ ಸತ್ತ ಜಾಗಕ್ಕೆ ಬರೋಣ. ಮುಂಚೆ 255, ಆಮೇಲೆ 255, ಕಳೆದರೆ ಸೊನ್ನೆ. ಆ ಚಿಹ್ನೆ ಎಲ್ಲಿ ಹುಡುಕುವುದು?

ಕೋಣೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಬೋರ್ಡು ಉತ್ತರದ ಗೋಡೆಯಲ್ಲಿ, ಎಂಟು ಅಡಿ ಅಗಲ. ಕಿಟಕಿ ಬಲಗಡೆ, ಪೂರ್ವದ ಗೋಡೆಯಲ್ಲಿ. ಫೋನು ಎಡಗಡೆಯ ಬೆಂಚಿನ ಮೇಲೆ. ಕಿಟಕಿಯ ಬೆಳಕು ಬಲದಿಂದ ಬಂದು, ಬೋರ್ಡಿನ ಬಲ ಅಂಚಿಗೆ ತಾಗಿ, ಎಡಕ್ಕೆ ಪುಟಿದು ಫೋನಿನ ಕಣ್ಣಿಗೆ ಹೋಗುತ್ತದೆ. ಒಂದು ವಿ ಆಕಾರದ ದಾರಿ. ಬರುವ ಕಾಲು ಬಲಗಡೆ, ಹೋಗುವ ಕಾಲು ಎಡಗಡೆ. ಬಲಗಾಲಿಗೆ ಯಾರಾದರೂ ಅಡ್ಡ ನಿಂತರೆ ಮಚ್ಚೆ ಆರಿಹೋಗುತ್ತದೆ, ಎಡಗಾಲು ಮಾತ್ರ ತೆರೆದೇ ಇರುತ್ತದೆ. ಅಂದರೆ ಬೋರ್ಡು ಕಾಣುತ್ತದೆ, ಹೊಳಪಿಲ್ಲದೆ! ಬೋರ್ಡಿನ ಬಲತುದಿಯಿಂದ ಒಂದೆರಡು ಹೆಜ್ಜೆ ಆಚೆ, ಕಿಟಕಿ ಕಡೆ ಯಾರಾದರೂ ನಿಂತಿದ್ದರೆ ನಮಗೆ ಬೇಕಾದ ಚಿತ್ರ ಸಿಕ್ಕಹಾಗೆ.

ಮೊದಲ ಪ್ರಯತ್ನದಲ್ಲಿ ನಾನು ಜಾಣತನ ತೋರಿಸಲು ಹೋದೆ. ಮೂರೂವರೆ ನಿಮಿಷದ ಎಲ್ಲ ಫ್ರೇಮಿನಲ್ಲೂ ಪ್ರತಿ ಚುಕ್ಕಿಯ ಅತಿ ಕಪ್ಪು ಬೆಲೆ ಹಿಡಿದರೆ, ಹೊಳಪು ಆರಿದ ಕ್ಷಣ ತಾನಾಗಿ ಸಿಗುತ್ತದೆ ಅಂತ. ಸಿಕ್ಕಿದ್ದು ಮೇಷ್ಟ್ರ ತಲೆಗೂದಲು, ಮೊಣಕೈ, ಕನ್ನಡಕದ ಕಡ್ಡಿ, ಎಲ್ಲ ಸೇರಿ ಒಂದು ಭೂತ. ಅವರು ಬರೆಯುವಾಗ ಬೋರ್ಡಿನ ಮುಂದೆಯೇ ನಿಂತಿದ್ದರಲ್ಲ, ಬಿಳಿ ಬೋರ್ಡಿಗಿಂತ ಕೂದಲು ಕಪ್ಪು. ಯಂತ್ರ ನಾನು ಕೇಳಿದ್ದನ್ನೇ ಕೊಟ್ಟಿತ್ತು.

ಆಮೇಲೆ ಕೂತು ಕಣ್ಣಾರೆ ನೋಡಿದೆ. ವಿಡಿಯೊ ನಾಲ್ಕು ಪಟ್ಟು ವೇಗದಲ್ಲಿ ಓಡಿಸಿ, ಬೇರೆಲ್ಲೂ ನೋಡದೆ ಬರೀ ಆ ಮಚ್ಚೆಯನ್ನೇ ನೋಡುತ್ತಾ. 16:22ರಲ್ಲಿ ಮೇಷ್ಟ್ರು ಮಾತು ನಿಲ್ಲಿಸಿ ಬಲಕ್ಕೆ ನಡೆದರು. ಕಿಟಕಿಯ ಕಟ್ಟೆಯ ಮೇಲೆ ಅವರ ನೀರಿನ ಬಾಟಲಿ. ತೆಗೆದು, ಕತ್ತು ಹಿಂದಕ್ಕೆ ಮಾಡಿ, ನೀರು ಕುಡಿದರು. ಹನ್ನೊಂದು ಸೆಕೆಂಡು. ಅಷ್ಟೂ ಹೊತ್ತು ಬೋರ್ಡಿನ ಮೇಲಿನ ಮಚ್ಚೆಯಲ್ಲಿ ಒಂದು ಕಪ್ಪು ಪಟ್ಟಿ ಎಡಬಲ ತೂಗಾಡುತ್ತಿತ್ತು, ಅವರ ಮೈಯ ಅಗಲದಷ್ಟು.

ಆ ಹನ್ನೊಂದು ಸೆಕೆಂಡನ್ನು ಸೆಕೆಂಡಿಗೆ ಐದರಂತೆ ಕತ್ತರಿಸಿದೆ, w_ ಹೆಸರಿನಲ್ಲಿ ಐವತ್ತೈದು ಫ್ರೇಮ್. ಇಲ್ಲಿ ಐದು ತೆಗೆಯಲು ಕಾರಣ, ಆ ಪಟ್ಟಿ ಅಲುಗಾಡುತ್ತಿದ್ದುದರಿಂದ ಫ್ರೇಮುಗಳು ಬರೀ ನಕಲಾಗಿರಲಿಲ್ಲ. ಪಟ್ಟಿ ಒಂದೊಂದು ಚುಕ್ಕಿಯ ಮೇಲೆ ಒಂದಷ್ಟು ಫ್ರೇಮಿನಲ್ಲಿ ಮಾತ್ರ ಇರುತ್ತದೆ, ಹಾಗಾಗಿ ಮೀಡಿಯನ್ ಸಾಲದು. ಅತಿ ಕಪ್ಪು ಬೆಲೆ ಹಿಡಿದರೆ ಕಾಳೆಲ್ಲ ಎದ್ದು ಬರುತ್ತದೆ. ನಡುದಾರಿ ಹಿಡಿದೆ: ಕಪ್ಪಿನಿಂದ ಬಿಳುಪಿಗೆ ಸಾಲಾಗಿ ನಿಲ್ಲಿಸಿದರೆ ಐದನೇ ಒಂದು ಭಾಗದಲ್ಲಿ ಬರುವ ಬೆಲೆ.

```python
s = np.stack([cv2.imread(f) for f in sorted(glob.glob("w_*.png"))])
lo = np.percentile(s, 20, axis=0).astype(np.uint8)
cv2.imwrite("lo.png", lo)
```

255 ಇದ್ದ ಬೋರ್ಡು 205ಕ್ಕೆ ಇಳಿದಿತ್ತು. ಅದರ ನಡುವೆ 90ರಷ್ಟು ಗಾಢವಾಗಿ ಚಿಹ್ನೆ ನಿಂತಿತ್ತು. ಕೂಡುವ ಚಿಹ್ನೆ. ಪ್ಲಸ್!

ಮೇಷ್ಟ್ರಿಗೆ ಚಿತ್ರ ಕಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನೆನಪಾಯಿತು. ಚೆಂಡಿನ ಲೆಕ್ಕ ಆ ಪೀರಿಯಡ್ಡಿನ ಮೊದಲನೆಯದು. ಇದು ಎರಡನೆಯದು, ಬಾವಿಯೊಳಕ್ಕೆ ಎಸೆದ ಕಲ್ಲು. ಕೆಳಮುಖದ ಚಲನೆ, ವೇಗ ಹೆಚ್ಚುತ್ತಾ ಹೋಗುತ್ತದೆ, ಕೂಡಿಸಲೇಬೇಕು. ಬರೆದವರೇ ಗಟ್ಟಿಯಾಗಿ ಹೇಳಿದ್ದು ತಪ್ಪಾಗಿತ್ತು. ನಾನು ಪೇಂಟ್‌ನಲ್ಲಿ ಗೆರೆ ಎಳೆದಿದ್ದರೆ ಆ ಹುಡುಗಿ ಪರೀಕ್ಷೆಯಲ್ಲಿ ಕಳೆಯುತ್ತಿದ್ದಳು. ಮಚ್ಚೆಯನ್ನು ಸುತ್ತಲಿನ ಬಣ್ಣದಿಂದ ತುಂಬುವ ಫಿಲ್ ಟೂಲುಗಳ ಮೇಲೆ ನನಗಿರುವ ಸಿಟ್ಟೂ ಇದೇ. ಅವು ಅಲ್ಲಿ ನೀಟಾಗಿ ಖಾಲಿ ಬೋರ್ಡು ಕೂರಿಸುತ್ತವೆ. ಮಚ್ಚೆ ಇದ್ದಾಗ ಹುಡುಗಿಗೆ ಅಲ್ಲೇನೋ ಇದೆ ಅಂತಾದರೂ ಗೊತ್ತಿತ್ತು. u² ಆದಮೇಲೆ ನೇರವಾಗಿ 2gh ನೋಡಿದರೆ ಗುಣಾಕಾರ ಅಂದುಕೊಳ್ಳುತ್ತಾಳೆ.

ಯಾರೂ ಅಡ್ಡ ನಿಲ್ಲದೇ ಹೋಗಿದ್ದರೆ? ನಮ್ಮ ಚಿಹ್ನೆಯ ಹಾಗೆ ಮೂರೂ ಬಣ್ಣ 255 ಆಗಿರದ ಮಚ್ಚೆಯಾದರೆ ಇನ್ನೊಂದು ಬಾಗಿಲು ತಟ್ಟಿ ನೋಡಬಹುದು: ಬಣ್ಣಗಳನ್ನು ಬೇರೆ ಮಾಡಿ. ಆಕಾಶದ ಬೆಳಕು ನೀಲಿ ಕಡೆಗೆ ವಾಲಿರುತ್ತದೆ. ಆಗ ನೀಲಿ ಪದರ ಮೊದಲು ತುಂಬಿ ಚೆಲ್ಲುತ್ತದೆ, ಕೆಂಪು ಪದರ ಇನ್ನೂ 245ರಲ್ಲೋ 250ರಲ್ಲೋ ಇರಬಹುದು. ಕಪ್ಪು ಮತ್ತು ನೀಲಿ ಮಾರ್ಕರ್ ಕೆಂಪು ಪದರದಲ್ಲಿ ಕಪ್ಪಾಗಿಯೇ ಕಾಣುತ್ತವೆ. ಕೆಂಪು ಮಾರ್ಕರ್ ಮಾತ್ರ ಅಲ್ಲಿ ಬೋರ್ಡಿನ ಜೊತೆ ಕರಗಿಹೋಗುತ್ತದೆ, ಅದಕ್ಕೆ ಹಸಿರು ಪದರ ನೋಡಬೇಕು. ವಿಡಿಯೊದಲ್ಲಿ ಬಣ್ಣವನ್ನು ಪ್ರಕಾಶಕ್ಕಿಂತ ಒರಟಾಗಿ, ಅಡ್ಡಕ್ಕೂ ಉದ್ದಕ್ಕೂ ಎರಡು ಚುಕ್ಕಿಗೆ ಒಂದರಂತೆ ಬರೆದಿರುತ್ತಾರೆ, ಹಾಗಾಗಿ ತೆಳು ಗೆರೆಗೆ ಇದರಿಂದ ಜಾಸ್ತಿ ನಿರೀಕ್ಷೆ ಬೇಡ. ಅದೂ ಆಗದಿದ್ದರೆ ಕ್ಲಾಸಿನಲ್ಲಿದ್ದ ಹುಡುಗರ ನೋಟ್ಸು. ಮೂರು ನೋಟ್ಸು ನೋಡಿ, ಒಂದೇ ನೋಡಬೇಡಿ.

ಸಿಕ್ಕಿದ್ದನ್ನು ವಿಡಿಯೊದೊಳಕ್ಕೆ ಹಾಕುವುದು ಹೇಗೆ? ಮಚ್ಚೆಯಷ್ಟು ತುಂಡು ಕತ್ತರಿಸಿ, ಅಂಚು ಸ್ವಲ್ಪ ಮೃದು ಮಾಡಿ, ಸೂತ್ರ ಬೋರ್ಡಿನ ಮೇಲಿದ್ದಷ್ಟು ಹೊತ್ತು ಅಲ್ಲೇ ಅಂಟಿಸಬಹುದು. 14:10 ಅಂದರೆ 850ನೇ ಸೆಕೆಂಡು, 17:40 ಅಂದರೆ 1060.

```
ffmpeg -i class.mp4 -i patch.png -filter_complex \
"overlay=812:140:enable='between(t,850,1060)'" -c:a copy out.mp4
```

ಮಾಡಿ ನೋಡಿದೆ. ಮೇಷ್ಟ್ರು ಬೋರ್ಡಿನ ಬಲಕ್ಕೆ ಬಂದಾಗಲೆಲ್ಲ ಅವರ ಮುಖದ ಮೇಲೆ ಸೂತ್ರ. ಹಿಂದೆ ಇರಬೇಕಾದ ತುಂಡು ಮುಂದೆ ಬಂದಿದೆ. ಅವರನ್ನು ಫ್ರೇಮ್ ಫ್ರೇಮಿಗೂ ಕತ್ತರಿಸಿ ಮುಂದೆ ತರುವುದು ಸಾಧ್ಯ, ಆದರೆ ನಲವತ್ತು ನಿಮಿಷದ ಪಾಠಕ್ಕೆ ನಾನಂತೂ ಮಾಡಲ್ಲ. ಅದರ ಬದಲು ತಿದ್ದಿದ ಬೋರ್ಡಿನ ಚಿತ್ರವನ್ನು ಒರೆಸುವ ಮುಂಚೆ ನಾಲ್ಕು ಸೆಕೆಂಡು ಪೂರ್ತಿ ಪರದೆಗೆ ತೋರಿಸಿದೆವು. ಹುಡುಗರು ಅಲ್ಲೇ ಪಾಸ್ ಮಾಡಿ ಬರೆದುಕೊಳ್ಳುತ್ತಾರೆ. ಅವರಿಗೆ ಬೇಕಾಗಿದ್ದೂ ಅದೇ.

ಇಷ್ಟೆಲ್ಲ ಮಾಡಲು ನನಗೆ ಒಂದು ಭಾನುವಾರ ಬೇಕಾಯಿತು. ಮುಂದಿನ ಪಾಠಕ್ಕೆ ಏನು ಮಾಡಬೇಕು ಅಂತ ಸಭೆಯಲ್ಲಿ ಒಬ್ಬರು ಕೇಳಿದರು. ಫೋನಿನ ಮುಂದೆ ಹಾಕುವ ಪೋಲರೈಸರ್ ಗಾಜು ತಗೊಳ್ಳಬಹುದಾ ಅಂತಲೂ ಕೇಳಿದರು. ಬೋರ್ಡಿನಂಥ ನುಣುಪು ಮೇಲ್ಮೈಯಿಂದ ಪುಟಿದ ಬೆಳಕು ಒಂದು ದಿಕ್ಕಿನಲ್ಲಿ ಜಾಸ್ತಿ ಕಂಪಿಸುತ್ತದೆ, ಪೋಲರೈಸರ್ ಅದನ್ನು ತಡೆಯುತ್ತದೆ ಅನ್ನುವುದು ನಿಜ. ಆದರೆ ಎಷ್ಟು ತಡೆಯುತ್ತದೆ ಅನ್ನುವುದು ಕೋನದ ಮೇಲೆ ನಿಂತಿದೆ. ಬೋರ್ಡಿಗೆ ಲಂಬವಾದ ಗೆರೆಯಿಂದ 56 ಡಿಗ್ರಿ ಆಸುಪಾಸಿನಲ್ಲಿ ಬೆಳಕು ಪುಟಿಯುತ್ತಿದ್ದರೆ ಹೆಚ್ಚುಕಡಿಮೆ ಪೂರ್ತಿ ಮಾಯ ಮಾಡಬಹುದು. ಇದಕ್ಕೆ ಬ್ರೂಸ್ಟರ್ ಕೋನ ಅನ್ನುತ್ತಾರೆ. ನಮ್ಮ ಕೋಣೆಯಲ್ಲಿ ಆ ಕೋನ ಸುಮಾರು 34. ಲೆಕ್ಕ ಹಾಕಿದರೆ ಹೊಳಪು ಅರ್ಧಕ್ಕೆ ಇಳಿಯುತ್ತದೆ, ಹೋಗುವುದಿಲ್ಲ. ಕ್ಯಾಮೆರಾ ಬೋರ್ಡಿನ ನೇರ ಎದುರಿಗೆ ಇದ್ದು, ಕಿಟಕಿಯೋ ಟ್ಯೂಬ್‌ಲೈಟೋ ಅದರ ಬೆನ್ನ ಹಿಂದೆಯೇ ಇದ್ದರೆ ಪೋಲರೈಸರಿನಿಂದ ಏನೂ ಪ್ರಯೋಜನ ಇಲ್ಲ.

ಕಾಸಿಲ್ಲದ ದಾರಿ ಫೋನಿನ ಜಾಗ ಬದಲಿಸುವುದು. ಕಿಟಕಿಯ ಬೆಳಕಿನಿಂದ ಆದಷ್ಟು ದೂರ ಇರಲಿ ಅಂತ ಮೇಷ್ಟ್ರು ಫೋನನ್ನು ಎಡಗಡೆ ಇಟ್ಟಿದ್ದರು. ಎಲ್ಲರೂ ಹಾಗೇ ಮಾಡ್ತಾರೆ. ಅದು ಉಲ್ಟಾ. ಬಲದಿಂದ ಬಂದ ಬೆಳಕು ಎಡಕ್ಕೇ ಪುಟಿಯುವುದು. ಫೋನು ಕಿಟಕಿ ಇರುವ ಪಕ್ಕಕ್ಕೇ ಬರಬೇಕು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ನೋಡಿದೆವು: ಬೋರ್ಡಿನ ನಡುವಿನಿಂದ ಎರಡು ಮೀಟರ್ ಎಡಕ್ಕಿದ್ದ ಫೋನನ್ನು ಒಂದು ಮೀಟರ್ ಬಲಕ್ಕೆ ತಂದರೆ, ಮಚ್ಚೆ ಬೋರ್ಡಿನ ಅಂಚನ್ನು ದಾಟಿ ಸುಮಾರು ಒಂದು ಮೀಟರ್ ಆಚೆ ಹೋಗುತ್ತದೆ. ಲೆಕ್ಕ ಬೇಡ ಅನ್ನುವವರಿಗೆ ಇನ್ನೂ ಸುಲಭ ದಾರಿ ಇದೆ. ಫೋನು ಇಡುವ ಜಾಗದಲ್ಲಿ ನಿಮ್ಮ ಕಣ್ಣಿಡಿ. ಒಬ್ಬ ಹುಡುಗ ಬೋರ್ಡಿಗೆ ಒಂದು ಕೈಗನ್ನಡಿ ಒತ್ತಿಕೊಂಡು ಎಡದಿಂದ ಬಲಕ್ಕೆ ಸರಿಸುತ್ತಾ ಬರಲಿ. ಕನ್ನಡಿಯಲ್ಲಿ ಕಿಟಕಿ ಕಂಡ ಕಡೆಯೆಲ್ಲ ಮಚ್ಚೆ ಬೀಳುತ್ತದೆ. ಎಲ್ಲೂ ಕಾಣದ ಹಾಗೆ ಫೋನು ಇಡಿ. ಆಮೇಲೆ ಪರದೆಯ ಮೇಲೆ ಬೋರ್ಡನ್ನು ಒತ್ತಿ ಹಿಡಿದು ಬೆಳಕನ್ನು ಲಾಕ್ ಮಾಡಿ, ಬೋರ್ಡು ಹಾಲುಬಿಳಿಯಿಂದ ಸ್ವಲ್ಪ ಬೂದಿಗೆ ಬರುವಷ್ಟು ಇಳಿಸಿ. ಮೇಷ್ಟ್ರ ಮುಖ ಕಪ್ಪಗೆ ಕಾಣುತ್ತದೆ. ಇವರು ಅದಕ್ಕೆ ಬೇಜಾರು ಮಾಡಿಕೊಂಡರು, ಆದರೆ ಲಾಕ್ ತೆಗೆಯಲಿಲ್ಲ.

ಈಗ ಆ ಕೋಣೆಯಲ್ಲಿ ಫೋನು ಬಲಗಡೆಯ ಬೆಂಚಿನ ಮೇಲಿದೆ. ಬೋರ್ಡಿನ ಆಚೆ ಡಿಸ್ಟೆಂಪರ್ ಬಳಿದ ಗೋಡೆ, ಅದು ಹೊಳೆಯುವುದಿಲ್ಲ. ಅಲ್ಲಿ ತೂಗುಹಾಕಿರುವ ವಿಶ್ವೇಶ್ವರಯ್ಯನವರ ಫೋಟೊಗೆ ಮಾತ್ರ ಗಾಜು ಇದೆ. ಬೆಳಗಿನ ರೆಕಾರ್ಡಿಂಗಿನಲ್ಲಿ ಕಿಟಕಿ ಪೂರ್ತಿ ಅದರಲ್ಲೇ ಕೂತಿರುತ್ತದೆ. ಪೇಟ ಬಿಟ್ಟು ಬೇರೇನೂ ಕಾಣಲ್ಲ.